ಆರಕ್ಕೆ ಒಂಬತ್ತು ಕಡಿಮೆ

ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿನ ಮೇಲೆ ಹರಪನಹಳ್ಳಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಮೂರನೇ ಸೀಟು ಹನ್ನೊಂದು ವರ್ಷ ನಮ್ಮಿಬ್ಬರದಾಗಿತ್ತು. ಕಿಟಕಿ ಇನ್ನೊಬ್ಬ ಮೇಷ್ಟ್ರದು, ಕಾಲು ಚಾಚುವ ಜಾಗ ನನ್ನದು. ನಾನು ಕೊಟ್ಟೂರಿನಲ್ಲಿ ಇಳಿದು ಡಿಗ್ರಿ ಕಾಲೇಜಿಗೆ ಹೋಗುವವನು, ಅವರು ಮುಂದೆ ಹರಪನಹಳ್ಳಿಯ ಪಿಯು ಕಾಲೇಜಿಗೆ. ಇಬ್ಬರೂ ಗಣಿತದ ಮೇಷ್ಟ್ರುಗಳು. ಈಗ ಕಿಟಕಿ ಪಕ್ಕದಲ್ಲಿ ನನ್ನ ಚೀಲ ಕೂರುತ್ತದೆ. ಯಾರಾದರೂ "ಸ್ವಲ್ಪ ಸರೀರಿ" ಅಂದರೆ ಮುಖ ಸಿಂಡರಿಸಿಕೊಂಡು ಅದನ್ನು ತೊಡೆಯ ಮೇಲೆ ಎತ್ತಿಟ್ಟುಕೊಳ್ಳುತ್ತೇನೆ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಅಂತ ಎಲ್ಲರೂ ಹೇಳುತ್ತಾರೆ, ಸುಳ್ಳಲ್ಲ. ಮದುವೆ ಆಗಲಿಲ್ಲ. ಅವ್ವ ಹೋದ ಮೇಲೆ ಮನೆಯಲ್ಲಿ ಬಾಯಿ ಬಿಡುವುದು ಕುಕ್ಕರ್ ಒಂದೇ. ಸ್ಟಾಫ್ ರೂಮಿನಲ್ಲಿ ಮಾತಿಗೇನೂ ಬರವಿಲ್ಲ. ವರ್ಗಾವಣೆ, ಸೈಟು, ಮಕ್ಕಳ ಮದುವೆ ಎಲ್ಲ ಬರುತ್ತವೆ, ಗಣಿತ ಮಾತ್ರ ಬರುವುದಿಲ್ಲ. ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ನಾನು ಮನುಷ್ಯನಂತೆ ಮಾತಾಡುತ್ತಿದ್ದುದು ಆ ಬಸ್ಸಿನ ಮುಕ್ಕಾಲು ಗಂಟೆ ಮಾತ್ರ. ಅದನ್ನೂ ನನ್ನ ಕೈಯಾರೆ ಕಳೆದುಕೊಂಡೆ.

ಪರಿಚಯವಾದದ್ದೇ ಒಂದು ಲೆಕ್ಕದಿಂದ. ನನ್ನ ಕೈಯಲ್ಲಿದ್ದ ಪುಸ್ತಕದ ಹೊದಿಕೆ ನೋಡಿ, ಪಕ್ಕದಲ್ಲಿ ಕೂತಿದ್ದ ಅವರು ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. "ಸರ್, ಈ ಬಸ್ಸಿನ್ಯಾಗ ನಲವತ್ತು ಸೀಟು ಅದಾವ ಅಂತಿಟ್ಕೋರಿ. ನಲವತ್ತು ಮಂದಿ ಎಷ್ಟು ಥರ ಕುಂದ್ರಬಹುದು?" ಅಂದರು.

"ನಲವತ್ತು ಫ್ಯಾಕ್ಟೋರಿಯಲ್," ಅಂದೆ, ಇದೂ ಒಂದು ಪ್ರಶ್ನೆಯೇ ಎನ್ನುವ ಧಾಟಿಯಲ್ಲಿ.

"ಅದು ಹೆಸರಾತು. ಎಷ್ಟು ದೊಡ್ಡದು ಹೇಳ್ರಿ."

ನಾನು ಮೊಬೈಲ್ ತೆಗೆಯಲು ಜೇಬಿಗೆ ಕೈ ಹಾಕಿದೆ. ಅವರು ನನ್ನ ಮಣಿಕಟ್ಟು ಹಿಡಿದೇಬಿಟ್ಟರು. "ಒಂದರಿಂದ ನಲವತ್ತರ ತನಕ ಗುಣಿಸಬೇಕಲ್ರಿ. ಕೆಳಗಿನ ಇಪ್ಪತ್ತು ಸಂಖ್ಯಿ ಮರ್ತುಬಿಡ್ರಿ. ಮ್ಯಾಲಿನ ಇಪ್ಪತ್ತರಾಗ ಒಂದೊಂದೂ ಇಪ್ಪತ್ತಕ್ಕಿಂತ ದೊಡ್ಡದು. ಅಂದ್ರ ಇಪ್ಪತ್ತನ್ನ ಇಪ್ಪತ್ತು ಸಲ ಗುಣಿಸಿದ್ರ ಎಷ್ಟಾಗ್ತೈತೋ ಅದಕ್ಕಿಂತ ಕಡಿಮಿ ಆಗಾಕ ಸಾಧ್ಯನ ಇಲ್ಲ. ಇಪ್ಪತ್ತೇಳು ಅಂಕಿಯ ಸಂಖ್ಯಿ ಅದು. ಕೆಳಗ ಬೇಲಿ ಬಿತ್ತು. ಮ್ಯಾಲಿನ ಬೇಲಿ ನೀವು ಹಾಕ್ರಿ."

ನನಗೂ ಹುರುಪು ಬಂತು. ಒಂದು ಮತ್ತು ನಲವತ್ತು ಒಂದು ಜೋಡಿ, ಎರಡು ಮತ್ತು ಮೂವತ್ತೊಂಬತ್ತು ಇನ್ನೊಂದು ಜೋಡಿ. ಹೀಗೆ ಇಪ್ಪತ್ತು ಜೋಡಿಗಳಾದರೆ ಪ್ರತಿ ಜೋಡಿಯ ಮೊತ್ತ ನಲವತ್ತೊಂದು. ಮೊತ್ತ ಅಷ್ಟೇ ಇರುವ ಎರಡು ಸಂಖ್ಯೆಗಳ ಗುಣಲಬ್ಧ ಹೆಚ್ಚೆಂದರೆ ಇಪ್ಪತ್ತೂವರೆಯ ವರ್ಗ. ಹಾಗಾಗಿ ಇಡೀ ಗುಣಲಬ್ಧ ಇಪ್ಪತ್ತೂವರೆಯನ್ನು ನಲವತ್ತು ಸಲ ಗುಣಿಸಿದ್ದನ್ನು ದಾಟುವುದಿಲ್ಲ. "ಐವತ್ತಮೂರು ಅಂಕಿ," ಅಂದೆ.

"ಇಪ್ಪತ್ತೇಳಕ್ಕೂ ಐವತ್ತಮೂರಕ್ಕೂ ನಡುವೆ ಎಮ್ಮಿ ಹಿಂಡೇ ನುಗ್ಗತೈತಲ್ರಿ!" ಅಂತ ನಕ್ಕರು. ನಿಜವಾದ ಉತ್ತರ ನಲವತ್ತೆಂಟು ಅಂಕಿಯದು. ಮನೆಗೆ ಬಂದು ನೋಡಿದೆ. ಆ ದಿನ ಅನ್ನ ಮಾಡಲಿಲ್ಲ, ನೆನಪಾಗಲಿಲ್ಲ.

ಅಲ್ಲಿಂದ ದಿನಾ ಅದೇ ಆಟ. ಕಾನೂನು ಒಂದೇ: ಉತ್ತರ ಲೆಕ್ಕ ಹಾಕಬಾರದು, ಎರಡೂ ಕಡೆ ಬೇಲಿ ಹಾಕಬೇಕು. ಇಷ್ಟಕ್ಕಿಂತ ಕಡಿಮೆಯಲ್ಲ, ಇಷ್ಟಕ್ಕಿಂತ ಹೆಚ್ಚಲ್ಲ. ಹಾಕಿದ ಬೇಲಿ ಸುಳ್ಳಾದರೆ ಸೋತಂತೆ, ಸೋತವರು ಶನಿವಾರ ಮಂಡಕ್ಕಿ ಮಿರ್ಚಿ ಕೊಡಿಸಬೇಕು. ಬೇಲಿಗಳು ಹತ್ತಿರ ಬಂದಷ್ಟೂ ಆಟ ಚೆಂದ. ತೀರಾ ಹತ್ತಿರ ಬಂದರೆ ಅವರು ಸುಮ್ಮನೆ ತಲೆಯಾಡಿಸಿ "ಬಿಗಿ ಐತ್ರಿ" ಅನ್ನುತ್ತಿದ್ದರು. ಹನ್ನೊಂದು ವರ್ಷದಲ್ಲಿ ಆ ಮಾತು ನನಗೆ ಸಿಕ್ಕಿದ್ದು ಹತ್ತು ಸಲವೋ ಏನೋ. ಪ್ರಮೋಷನ್ ಆರ್ಡರ್ ಬಂದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಒಂದು ಸಲ ಹಡಗಲಿ ಕಡೆಯ ಹೂವಿನಾಕೆ ಬುಟ್ಟಿ ಇಟ್ಟುಕೊಂಡು ನಮ್ಮ ಎದುರಿಗೇ ಕೂತಿದ್ದಳು. ಹತ್ತು ಮಲ್ಲಿಗೆ, ಹತ್ತು ಕನಕಾಂಬರ, ಇಪ್ಪತ್ತು ಹೂವನ್ನು ಸಾಲಾಗಿ ಕಟ್ಟಿದರೆ ಎಷ್ಟು ಬಗೆ? ಇಪ್ಪತ್ತು ಜಾಗದಲ್ಲಿ ಮಲ್ಲಿಗೆಗೆ ಹತ್ತು ಆರಿಸುವುದು, ದ್ವಿಪದ ಗುಣಾಂಕ. ಯಾವ ಹೂವು ಎಷ್ಟು ಎನ್ನುವ ಲೆಕ್ಕ ಬಿಟ್ಟು ಹೇಗೆ ಬೇಕಾದರೂ ಕಟ್ಟಿದರೆ ಎರಡರ ಇಪ್ಪತ್ತನೇ ಘಾತ, ಹತ್ತೂವರೆ ಲಕ್ಷದ ಹತ್ತಿರ. ಅದನ್ನು ದಾಟುವುದಿಲ್ಲ ಅಂದೆ. ಅವರು ಹೇಳಿದರು: "ಆ ಹತ್ತೂವರಿ ಲಕ್ಷಾನ ಹಂಚ್ರಿ. ಮಲ್ಲಿಗಿ ಒಂದೂ ಇಲ್ಲದ್ದು, ಒಂದಿರೋದು, ಎರಡಿರೋದು, ಹಿಂಗ ಇಪ್ಪತ್ತರ ತನಕ ಇಪ್ಪತ್ತೊಂದು ಗುಂಪು. ಎಲ್ಲಕ್ಕಿಂತ ದೊಡ್ಡದು ನಡುವಿಂದು, ಹತ್ತರದು. ದೊಡ್ಡದು ಸರಾಸರಿಗಿಂತ ಸಣ್ಣದಾಗಾಕ ಬರಂಗಿಲ್ಲ. ಇಪ್ಪತ್ತೊಂದರಿಂದ ಭಾಗಿಸ್ರಿ, ಐವತ್ತು ಸಾವಿರಕ್ಕ ತುಸು ಕಡಿಮಿ. ಕನಿಷ್ಠ ಅಷ್ಟರೆ ಇದ್ದ ಇರ್ತೈತಿ." ಹೂವಿನಾಕೆ ಇಬ್ಬರ ಮುಖ ನೋಡಿ, "ನಾನು ಮೂವತ್ತು ವರ್ಷದಿಂದ ಒಂದೇ ಬಗಿ ಕಟ್ತೀನ್ರಿ, ಕೈ ನೋಯ್ತಾವು," ಅಂದಳು. ನಕ್ಕೂ ನಕ್ಕೂ ನನ್ನ ಸ್ಟಾಪೇ ತಪ್ಪಿತ್ತು.

ಇಂಥವನ್ನೆಲ್ಲ ಅವರು ಒಂದು ಪುಸ್ತಕ ಮಾಡಿದರು. ಪುಸ್ತಕ ಅಂದರೆ ಕೈಬರಹದ ಅರವತ್ತು ಪುಟ, ಜೆರಾಕ್ಸ್ ಮಾಡಿಸಿ ಪಿನ್ನು ಹೊಡೆಸುವಂಥದ್ದು. ಕನ್ನಡದಲ್ಲಿ ಓದುವ ಹುಡುಗ ಹುಡುಗಿಯರಿಗೆ ಫ್ಯಾಕ್ಟೋರಿಯಲ್ ಅಂದರೆ ಭಯ ಹೋಗಲಿ ಅಂತ. ಮೂರು ಬೇಸಿಗೆ ರಜೆಯನ್ನು ಅದಕ್ಕೇ ಸುರಿದಿದ್ದರು. ಹರಪನಹಳ್ಳಿಯಲ್ಲಿ ಸುತ್ತಲಿನ ತಾಲೂಕುಗಳ ಗಣಿತ ಉಪನ್ಯಾಸಕರ ಸಭೆ ಇತ್ತು, ಅಲ್ಲಿ ಹಂಚಬೇಕು, ಬೋರ್ಡಿನ ಮೇಲೆ ಅರ್ಧ ಗಂಟೆ ವಿವರಿಸಬೇಕು ಅಂತ ಅವರ ಆಸೆ. ಬದುಕಿನಲ್ಲಿ ಅವರು ಬೇರೇನನ್ನೂ ಅಷ್ಟು ಆಸೆಪಟ್ಟು ಕೇಳಿದ್ದು ನಾನು ಕಾಣೆ. "ಸರ್, ನೀವು ಒಂದು ಕಣ್ಣಾಡಿಸಿ ಕೊಡ್ರಿ. ಡಿಗ್ರಿ ಕಾಲೇಜಿನವ್ರು ನೀವು," ಅಂತ ಹಾಳೆಗಳನ್ನು ನನ್ನ ಕೈಗಿಟ್ಟರು. ಮೊದಲ ಪುಟದಲ್ಲಿ ನನಗೆ ಕೃತಜ್ಞತೆ ಬರೆಯುತ್ತೇನೆ ಅಂದಾಗ, "ಜೆರಾಕ್ಸ್ ಪುಸ್ತಕಕ್ಕ ಅದೆಲ್ಲ ಯಾಕ್ರಿ, ಬ್ಯಾಡ," ಅಂದುಬಿಟ್ಟೆ. ಆ ಬಿಂಕಕ್ಕೆ ಏನು ಹೇಳಬೇಕೋ!

ನಲವತ್ತೊಂದನೇ ಪುಟದಲ್ಲಿ ಅವರು ಬರೆದಿದ್ದರು: ಯಾವ ಸಂಖ್ಯೆಯ ಫ್ಯಾಕ್ಟೋರಿಯಲ್ ಆದರೂ, ಆ ಸಂಖ್ಯೆಯ ಮೂರನೇ ಒಂದು ಭಾಗವನ್ನು ಅಷ್ಟೇ ಸಲ ಗುಣಿಸಿದ್ದಕ್ಕಿಂತ ಕಡಿಮೆ ಇರುವುದಿಲ್ಲ. ನಲವತ್ತಕ್ಕೆ ಇದು ನಲವತ್ತೈದು ಅಂಕಿಯ ಕೆಳಮಿತಿ ಕೊಡುತ್ತದೆ, ಮೊದಲ ದಿನದ ಇಪ್ಪತ್ತೇಳಕ್ಕಿಂತ ಎಷ್ಟೋ ಮೇಲು. ಕೆಳಗೇ ಅದರ ಸಾಧನೆಯೂ, ಅಂದರೆ ಪುರಾವೆಯೂ ಇತ್ತು, ಒಂದು ಸಂಖ್ಯೆಯಿಂದ ಮುಂದಿನ ಸಂಖ್ಯೆಗೆ ಮೆಟ್ಟಿಲು ಹತ್ತುವ ರೀತಿಯಲ್ಲಿ.

ನನ್ನ ಕಣ್ಣು ಆ ಮೂರರ ಮೇಲೆ ನಿಂತಿತು. ಮೇಲ್ಮಿತಿಯಲ್ಲಿ, ಜೋಡಿ ಕಟ್ಟುವಾಗ, ಬರುವುದು ಸಂಖ್ಯೆಗೆ ಒಂದು ಕೂಡಿಸಿ ಅದರ ಅರ್ಧ. ಕೆಳಗೂ ಅರ್ಧವನ್ನೇ ಹಾಕಿದರೆ? ಕೆಳಗೆ ಇಪ್ಪತ್ತು, ಮೇಲೆ ಇಪ್ಪತ್ತೂವರೆ. ಎಷ್ಟು ಬಿಗಿ! ಪರೀಕ್ಷೆ ಮಾಡಿದೆ. ನನ್ನದೊಂದು ಹಳೆಯ ಚಾಳಿ ಇತ್ತು, ಎಡಗೈಯ ಬೆರಳು ಮಡಚುತ್ತ ಒಂದೊಂದು ಬೆಲೆ ಹಾಕಿ ನೋಡುವುದು. ಐದು ಬೆರಳು ದಾಟಿದ್ದು ತಪ್ಪುವುದಿಲ್ಲ ಅಂತ ಕ್ಲಾಸಿನಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಒಂದಕ್ಕೆ ಒಂದು, ಅರ್ಧಕ್ಕಿಂತ ಹೆಚ್ಚು. ಎರಡಕ್ಕೆ ಎರಡು, ಒಂದಕ್ಕಿಂತ ಹೆಚ್ಚು. ಮೂರಕ್ಕೆ ಆರು, ಎದುರಿಗೆ ಮೂರು ಚಿಲ್ಲರೆ. ನಾಲ್ಕಕ್ಕೆ ಇಪ್ಪತ್ತನಾಲ್ಕು, ಎದುರಿಗೆ ಹದಿನಾರು. ಐದಕ್ಕೆ ನೂರಿಪ್ಪತ್ತು, ಎದುರಿಗೆ ತೊಂಬತ್ತೆಂಟೂ ಇಲ್ಲ. ಐದು ಬೆರಳೂ ಮಡಚಿದವು. ಕೆಂಪು ಪೆನ್ನಿನಿಂದ ಮೂರನ್ನು ಹೊಡೆದು ಎರಡು ಬರೆದೆ. ಸಾಧನೆಯ ಮೇಲೆ ಗೀಟು ಎಳೆದು, ಪಕ್ಕದಲ್ಲಿ "ಇದೇ ರೀತಿ ಸಾಧಿಸಬಹುದು" ಅಂತ ಗೀಚಿದೆ.

ಮರುದಿನ ಬಸ್ಸಿನಲ್ಲಿ ಅವರು ಆ ಪುಟ ಬಹಳ ಹೊತ್ತು ನೋಡಿದರು. "ಮೂರು ಇದ್ರ ಮೆಟ್ಲ ಹತ್ತೋದು ಸಲೀಸು ಇತ್ತಲ್ರಿ. ಎರಡಕ್ಕ ಹತ್ತತೈತೇನು?"

"ಮೂರು ಹಾಕಿದ್ರ ಸಡಿಲ ಆಗ್ತೈತ್ರಿ. ನಾನು ನೋಡೀನಿ, ಹಾಕ್ರಿ," ಅಂದೆ.

ಅವರು ಇನ್ನೊಂದು ಮಾತು ಕೇಳಲಿಲ್ಲ. ನನ್ನನ್ನು ನಂಬಿದರು.

ಸಭೆಯಲ್ಲಿ ನಾನು ಎರಡನೇ ಸಾಲಿನಲ್ಲಿದ್ದೆ. ಅವರು ಹೊಸ ಅಂಗಿ ಹಾಕಿದ್ದರು. ಬಸ್ಸಿನ ಸೀಟಿನಿಂದ ಶುರುಮಾಡಿ, ಹೂವಿನ ಸಾಲಿಗೆ ಬಂದು, ನಲವತ್ತೊಂದನೇ ಪುಟದ ಸಾಲು ಬೋರ್ಡಿನ ಮೇಲೆ ಬರೆದರು. ಹಿಂದಿನಿಂದ ಒಬ್ಬ ಉಪನ್ಯಾಸಕಿ ಎದ್ದು ನಿಂತು, ಮರ್ಯಾದೆಯಿಂದಲೇ, "ಸರ್, ಆರು ಹಾಕಿ ನೋಡ್ರಿ," ಅಂದಳು.

ಅವರು ಬರೆದರು. ಆರರ ಫ್ಯಾಕ್ಟೋರಿಯಲ್ ಏಳುನೂರಿಪ್ಪತ್ತು. ಆರರ ಅರ್ಧ ಮೂರು, ಮೂರನ್ನು ಆರು ಸಲ ಗುಣಿಸಿದರೆ ಏಳುನೂರಿಪ್ಪತ್ತೊಂಬತ್ತು. ಒಂಬತ್ತು ಕಡಿಮೆ. ಆರನೇ ಬೆರಳಿಗೇ ಬೇಲಿ ಮುರಿದುಬಿದ್ದಿತ್ತು. ಅಲ್ಲಿಂದ ಮುಂದೆ ಯಾವ ಸಂಖ್ಯೆಗೂ ಅದು ನಿಲ್ಲುವುದಿಲ್ಲ. ನಲವತ್ತಕ್ಕೆ ಬರುವ ಹೊತ್ತಿಗೆ ಹತ್ತು ಸಾವಿರ ಪಟ್ಟಿಗೂ ಮೀರಿ ತಪ್ಪು. ಮೆಟ್ಟಿಲು ಹತ್ತಿ ನೋಡಿದ್ದರೆ ನನಗೆ ಆ ದಿನವೇ ತಿಳಿಯುತ್ತಿತ್ತು. ಒಂದು ಸಂಖ್ಯೆಯಿಂದ ಮುಂದಿನದಕ್ಕೆ ಹೋಗುವಾಗ ಎಡಬದಿ ಎಷ್ಟು ಪಟ್ಟು ಬೆಳೆಯುತ್ತದೆ, ಬಲಬದಿ ಎಷ್ಟು ಪಟ್ಟು ಬೆಳೆಯುತ್ತದೆ ಅಂತ ಹೋಲಿಸಿದರೆ, ಒಂದನ್ನು ಆ ಸಂಖ್ಯೆಯಿಂದ ಭಾಗಿಸಿ, ಬಂದದ್ದಕ್ಕೆ ಒಂದು ಕೂಡಿಸಿ, ಅದನ್ನು ಆ ಸಂಖ್ಯೆಯಷ್ಟು ಸಲ ಗುಣಿಸಿದ್ದು ಬರುತ್ತದೆ. ಅದು ಎಂದೂ ಮೂರನ್ನು ದಾಟುವುದಿಲ್ಲ, ಆದರೆ ಎರಡನ್ನು ಎರಡನೇ ಹೆಜ್ಜೆಗೇ ದಾಟುತ್ತದೆ. ಅದಕ್ಕೇ ಅವರು ಮೂರು ಹಾಕಿದ್ದು. ಪಿಯು ಮೇಷ್ಟ್ರಿಗೆ ಗೊತ್ತಿದ್ದದ್ದು ಡಿಗ್ರಿ ಮೇಷ್ಟ್ರಿಗೆ ಹೊಳೆಯಲಿಲ್ಲ.

ಯಾರೋ, "ಪುಸ್ತಕ ಹಂಚಾಕಿಂತ ಮೊದ್ಲು ಎರಡು ಕೈ ಬೆರಳು ಎಣಿಸಬೇಕಿತ್ತು," ಅಂದರು. ಸಭೆಯೆಲ್ಲ ನಕ್ಕಿತು. ಅವರು ಚಾಕ್ ಹಿಡಿದೇ ತಿರುಗಿ ನನ್ನ ಕಡೆ ನೋಡಿದರು. ನೋಡಿದ್ದು ಒಂದೇ ಸಲ. ಎದ್ದು "ತಪ್ಪು ನಂದು" ಅನ್ನಲು ಎಷ್ಟು ಹೊತ್ತು ಬೇಕಿತ್ತು? ಫೋನ್ ನೋಡುವವನ ಹಾಗೆ ತಲೆ ತಗ್ಗಿಸಿದೆ. ಥೂ ನನ್ನ ಜನ್ಮಕ್ಕಿಷ್ಟು.

"ತಪ್ಪಾಗೈತ್ರಿ. ಮೂರು ಇರಬೇಕಿತ್ತು," ಅಂತಷ್ಟೇ ಹೇಳಿ ಅವರು ಬೋರ್ಡು ಒರೆಸಿ ಕೂತರು. ಊಟದ ಹೊತ್ತಿಗೆ ನೋಡಿದರೆ ಪುಸ್ತಕಗಳು ಬಹಳಷ್ಟು ಕುರ್ಚಿಗಳ ಮೇಲೇ ಉಳಿದಿದ್ದವು. ಅವರು ಒಂದೊಂದನ್ನೇ ಆಯ್ದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ನಾನು ದೂರದಿಂದ ನೋಡಿ ಕೈ ತೊಳೆಯಲು ಹೋದೆ.

ಮರುದಿನದಿಂದ ಅವರು ಬಸ್ಸಿನಲ್ಲಿ ಇರಲಿಲ್ಲ. ಅರ್ಧ ಗಂಟೆ ಮೊದಲಿನ ಬಸ್ಸು ಹಿಡಿಯುತ್ತಾರೆ ಅಂತ ಕಂಡಕ್ಟರ್ ಹೇಳಿದ. "ಜಗಳ ಆಡೀರೇನ್ ಸರ?" ಅಂತಲೂ ಕೇಳಿದ. ಜಗಳವಾಗಿದ್ದರೆ ಎಷ್ಟೋ ವಾಸಿಯಿತ್ತು. ನಾನೂ ಆ ಮೊದಲಿನ ಬಸ್ಸಿಗೆ ಹೋಗಬಹುದಿತ್ತಲ್ಲ? ಎರಡು ದಿನ ಸ್ಟ್ಯಾಂಡಿನ ತನಕ ಹೋಗಿ, ಅವರ ಬೆನ್ನು ಕಂಡು, ವಾಪಸ್ ಬಂದು ಚಾದಂಗಡಿಯಲ್ಲಿ ಕೂತೆ. ಫೋನಿನಲ್ಲಿ ಎಷ್ಟು ಸಲ ಬರೆದೆನೋ, ಅಷ್ಟೂ ಅಳಿಸಿದೆ. ಮುಂದಿನ ವರ್ಗಾವಣೆಯಲ್ಲಿ ಅವರು ಹಡಗಲಿ ಕೇಳಿಕೊಂಡು ಹೋದರು, ಅದೂ ಬೇರೆಯವರಿಂದ ತಿಳಿಯಿತು.

ಒಂಟಿತನ ಅಂದರೆ ಏನು ಅಂತ ಆಗ ಗೊತ್ತಾಯಿತು ನನಗೆ. ಅವ್ವ ಹೋದಾಗ ಅಳುವುದಕ್ಕಾದರೂ ಬರುತ್ತಿತ್ತು. ಈಗ ಬಸ್ಸಿನಲ್ಲಿ ಕೂತು, ಮೂವತ್ತು ಚೀಲ ಮೂವತ್ತು ಜಾಗ ಅಂತ ನನಗೆ ನಾನೇ ಲೆಕ್ಕ ಕೊಟ್ಟುಕೊಂಡು, ಬೇಲಿಯನ್ನೂ ನಾನೇ ಹಾಕಿಕೊಂಡು, ಸರಿ ತಪ್ಪು ಹೇಳುವವರಿಲ್ಲದೆ ಕೊಟ್ಟೂರಿನಲ್ಲಿ ಇಳಿಯುತ್ತಿದ್ದೆ. ಹೂವಿನಾಕೆ ಒಂದು ದಿನ "ಇನ್ನೊಬ್ರು ಮೇಷ್ಟ್ರು ಹೆಂಗದಾರ್ರಿ?" ಅಂದಳು. ಚೆನ್ನಾಗಿದ್ದಾರೆ ಅಂದೆ. ನನಗೇನು ಗೊತ್ತು?

ಎಂಟು ತಿಂಗಳಾದ ಮೇಲೆ ಒಂದು ಭಾನುವಾರ ಹಡಗಲಿಗೆ ಹೋದೆ. ವಿಳಾಸ ಹುಡುಕುವುದು ಕಷ್ಟವಾಗಲಿಲ್ಲ. ಅವರೇ ಬಾಗಿಲು ತೆಗೆದರು. ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಕುಗ್ಗಿಸಿತು.

"ಬರ್ರಿ ಸರ್, ಒಳಗ ಬರ್ರಿ. ಬಿಸಿಲಾಗ ಬಂದೀರಿ."

ನೀರು ಕೊಟ್ಟರು, ಚಾ ಕೊಟ್ಟರು. ಯಾರೋ ಅಧಿಕಾರಿ ಬಂದಾಗ ನಡೆದುಕೊಳ್ಳುವಷ್ಟು ಮರ್ಯಾದೆ. ನಾನು ಲೋಟ ಕೆಳಗಿಟ್ಟು, "ಸರ್, ಅವತ್ತಿನ ತಪ್ಪು ನಂದು. ಮೂರನ್ನ ಎರಡು ಮಾಡಿದವ್ನು ನಾನು. ಎದ್ದು ಹೇಳ್ಬೇಕಿತ್ತು, ಹೇಳ್ಲಿಲ್ಲ. ಅಂಜಿದೆ," ಅಂದೆ.

ಅವರು ಎದ್ದು ಒಳಗೆ ಹೋಗಿ ಒಂದು ಫೈಲು ತಂದರು. ಅದರಲ್ಲಿ ನಲವತ್ತೊಂದನೇ ಪುಟದ ಮೂಲಪ್ರತಿ. ನನ್ನ ಕೆಂಪು ಗೀಟು, ನನ್ನ ಕೆಂಪು ಎರಡು, ನನ್ನದೇ ಅಕ್ಷರದ "ಇದೇ ರೀತಿ ಸಾಧಿಸಬಹುದು."

"ಇದು ಅವತ್ತೂ ನನ್ನ ಚೀಲದಾಗ ಇತ್ತು ಸರ್," ಅಂದರು.

ನನಗೆ ಧರಣಿ ಬಾಯಿ ಬಿಡಬಾರದೇ ಅನ್ನಿಸಿತು. ಒಂದು ಹಾಳೆ ಎತ್ತಿ ತೋರಿಸಿದ್ದರೆ ಸಾಕಿತ್ತು, ಆ ನಗು ನನ್ನ ಕಡೆ ತಿರುಗುತ್ತಿತ್ತು.

"ಯಾಕ ತೋರಿಸ್ಲಿಲ್ರಿ?"

"ನೀವ ಎದ್ದು ಹೇಳ್ತೀರಿ ಅಂತ ಕಾದೆ," ಅಂದರು. ಪುಟವನ್ನು ಮತ್ತೆ ಫೈಲಿನೊಳಗೆ ಇಟ್ಟು, "ನಾನೂ ತಪ್ಪಿದೆ. ನಿಮ್ಮ ಮ್ಯಾಲ ನಾನೂ ಒಂದು ಕೆಳಮಿತಿ ಇಟ್ಟಿದ್ದೆ. ಈ ಮನುಷ್ಯ ಬ್ಯಾರೆ ಏನ್ ಮಾಡ್ಲಿ ಬಿಡ್ಲಿ, ಕನಿಷ್ಠ ಇಷ್ಟರೆ ಮಾಡ್ತಾನ ಅಂತ. ಮೆಟ್ಲ ಹತ್ತಿ ನೋಡ್ದ ಇಟ್ಟಿದ್ದೆ," ಅಂದರು.

ನಾನು ತಲೆ ಎತ್ತಲಿಲ್ಲ. ಕ್ಷಮಿಸಿ ಅಂದೆ, ಮತ್ತೊಮ್ಮೆ ಅಂದೆ.

"ಇಲ್ಲಿ ಹೇಳಿದ್ರ ಏನ್ ಬಂತ್ರಿ? ಇಲ್ಲಿ ನಾವಿಬ್ರ ಅದೀವಿ. ನಮ್ಮಿಬ್ರಿಗೂ ಮೊದಲ ಗೊತ್ತಿತ್ತು," ಅಂದರು, ಮತ್ತು ಬಸ್ಸಿನ ಹೊತ್ತಾಯಿತು ಅಂತ ನೆನಪಿಸಿ ನನ್ನನ್ನು ಗೇಟಿನ ತನಕ ಕಳಿಸಿಕೊಟ್ಟರು.

ಮುಂದಿನ ಸಭೆ ಕೂಡ್ಲಿಗಿಯಲ್ಲಿ ಆಯಿತು. ಮಾತಾಡಲು ನನ್ನ ಹೆಸರು ಪಟ್ಟಿಯಲ್ಲಿರಲಿಲ್ಲ. ವಂದನಾರ್ಪಣೆಗೆ ಮೊದಲು ಎದ್ದು ಎರಡು ನಿಮಿಷ ಕೇಳಿದೆ. ಬೋರ್ಡಿನ ಮೇಲೆ ಏಳುನೂರಿಪ್ಪತ್ತು, ಪಕ್ಕದಲ್ಲಿ ಏಳುನೂರಿಪ್ಪತ್ತೊಂಬತ್ತು ಬರೆದೆ. ಹೋದ ಸಲ ನೀವೆಲ್ಲ ನಕ್ಕ ತಪ್ಪು ಪುಸ್ತಕ ಬರೆದವರದಲ್ಲ, ಅವರು ಸರಿಯಾಗೇ ಬರೆದಿದ್ದರು, ಕೆಡಿಸಿದವನು ನಾನು, ಎದುರಿಗೇ ಕೂತು ಬಾಯಿ ಮುಚ್ಚಿಕೊಂಡಿದ್ದವನೂ ನಾನು ಅಂದೆ. ಯಾರಾದರೂ ಬೈಯಲಿ, ನಗಲಿ ಅಂತ ಕಾದೆ.

ಮುಂದಿನ ಸಾಲಿನಲ್ಲಿದ್ದವರೊಬ್ಬರು ಪಕ್ಕದವರನ್ನು, "ಯಾವ ಪುಸ್ತಕರಿ?" ಅಂತ ಕೇಳಿದರು. ಆರು ಹಾಕಿ ನೋಡ್ರಿ ಅಂದಿದ್ದ ಉಪನ್ಯಾಸಕಿಯೂ ಅಲ್ಲೇ ಇದ್ದಳು. "ಹೌದಾ ಸರ್? ನಾನ ಹೇಳಿದ್ನಾ?" ಅಂತ ಸಂಕೋಚದಿಂದ ನಕ್ಕಳು. ಒಬ್ಬರಿಗೂ ನೆನಪಿರಲಿಲ್ಲ! ಹಾಜರಿ ಹಾಳೆ ಸಹಿಗೆ ಬಂತು, ಎಲ್ಲರೂ ಎದ್ದರು. ಇಷ್ಟು ತಿಂಗಳು ನನ್ನ ಎದೆ ಹಿಂಡಿದ್ದು ಇಡೀ ಸಭೆಯಲ್ಲಿ ಇನ್ನೊಬ್ಬರ ಮನಸ್ಸಿನಲ್ಲಿ ಒಂದು ಗೆರೆಯಾಗಿಯೂ ಉಳಿದಿರಲಿಲ್ಲ.

ಕೂಡ್ಲಿಗಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅವರಿಗೆ ಫೋನ್ ಮಾಡಿದೆ. ಈ ಸಲ ಅಳಿಸುವುದಕ್ಕೆ ಏನೂ ಇರಲಿಲ್ಲ.

"ಹೇಳಿದೆ ಸರ್," ಅಂದೆ. "ಎಲ್ಲರ ಮುಂದ ಹೇಳಿದೆ."

ಯಾವುದೋ ಬಸ್ಸು ಹಾರ್ನು ಹೊಡೆಯಿತು. ಲೈನು ಕಟ್ಟಾಯಿತೇನೋ ಅಂದುಕೊಂಡೆ.

"ಎಷ್ಟು ಮಂದಿ ಇದ್ರು?" ಅಂದರು.

"ಎಣಿಸ್ಲಿಲ್ರಿ," ಅಂದೆ. "ಕೊನಿಗಿ ಸಹಿ ಮಾಡಿದವ್ರು ಮೂವತ್ತೆರಡು. ಅದಕ್ಕಿಂತ ಕಡಿಮಿ ಇಲ್ಲ."

"ಮ್ಯಾಲ?"

"ಆರು ಸಾಲು, ಸಾಲಿಗೆ ಆರು ಕುರ್ಚಿ. ನಿಂತವ್ರು ಯಾರೂ ಇರ್ಲಿಲ್ಲ. ನನ್ನ ಪಕ್ಕದ ಕುರ್ಚಿ ಖಾಲಿ ಇತ್ತು. ಮೂವತ್ತೈದು ದಾಟಂಗಿಲ್ಲ."

ಆಮೇಲೆ, "ಬಿಗಿ ಐತ್ರಿ," ಅಂದರು. ಫೋನ್ ಇಟ್ಟರು.